ಡೆಸ್ಕ್‌ಟಾಪ್ ಒಳಗಿನ ಫೋಟೋ ನೋಡಿ ಹೊಸ ಗ್ರಾಫಿಕ್ಸ್ ಕಾರ್ಡ್ ಆರಿಸುವುದು ಹೇಗೆ?

"ಇದು ನನ್ನ ಕಂಪ್ಯೂಟರ್. ಇದಕ್ಕೆ ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಬಹುದು?" ಎಂದು ಕೇಳಿ ಜನ ಒಂದು ಫೋಟೋ ಕಳಿಸುತ್ತಾರೆ. ಪಕ್ಕದ ಮುಚ್ಚಳ ತೆಗೆದಿರುತ್ತದೆ, ಒಳಗೆ ವೈರುಗಳು, ಧೂಳು, ಮಧ್ಯದಲ್ಲೊಂದು ಕಪ್ಪು ಡಬ್ಬಿಯಂತಹ ಕಾರ್ಡ್. ಉತ್ತರ ಕೊಡುವವರು ಕಾರ್ಡಿನ ಫ್ಯಾನ್ ನೋಡಿ ಒಂದು ಹೆಸರು ಹೇಳುತ್ತಾರೆ. ಅದು ಸರಿಯಿರಬಹುದು, ಇಲ್ಲದಿರಲೂಬಹುದು. ಹೊಸ ಕಾರ್ಡ್ ಕೊಳ್ಳುವವರಿಗೆ ಹಳೆಯ ಕಾರ್ಡಿನ ಹೆಸರಿಗಿಂತ ಮುಖ್ಯವಾದದ್ದು ಬೇರೆ ಇದೆ: ಈ ಪೆಟ್ಟಿಗೆಯಲ್ಲಿ ಎಷ್ಟು ವಿದ್ಯುತ್ ಸಿಗುತ್ತದೆ, ಎಷ್ಟು ಜಾಗ ಇದೆ, ಮದರ್‌ಬೋರ್ಡ್ ಯಾವ ತಲೆಮಾರಿನದು? ಈ ಮೂರಕ್ಕೂ ಫೋಟೋದಲ್ಲಿ ಉತ್ತರ ಇರುತ್ತದೆ. ಎಲ್ಲಿ ನೋಡಬೇಕು ಅಂತ ಗೊತ್ತಿರಬೇಕು, ಅಷ್ಟೇ.

ಉತ್ತರ ಸಿಕ್ಕಮೇಲೆ ಆಯ್ಕೆ ಸಾಮಾನ್ಯವಾಗಿ ಎರಡರ ನಡುವೆ ಬಂದು ನಿಲ್ಲುತ್ತದೆ. ಒಂದು, ಸ್ಲಾಟಿನಿಂದಲೇ ವಿದ್ಯುತ್ ತೆಗೆದುಕೊಳ್ಳುವ, ಬೇರೆ ಕೇಬಲ್ ಬೇಡದ ಕಾರ್ಡ್. ಇನ್ನೊಂದು, ಪವರ್ ಸಪ್ಲೈಯಿಂದ ನೇರವಾಗಿ ಕೇಬಲ್ ಎಳೆದುಕೊಳ್ಳುವ ಕಾರ್ಡ್. ಎರಡರ ನಡುವಿನ ಗೆರೆ 75 ವಾಟ್. ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ತಾನಾಗಿ ಕೊಡುವುದು ಹೆಚ್ಚೆಂದರೆ ಅಷ್ಟು. ಅದರ ಮೇಲೆ 6 ಪಿನ್ನಿನ ಕೇಬಲ್ ಇನ್ನೊಂದು 75 ವಾಟ್ ಕೊಡುತ್ತದೆ, 8 ಪಿನ್ನಿನದು 150 ವಾಟ್.

ಮೊದಲು ಫೋಟೋ ಸರಿಯಾಗಿ ತೆಗೆಸಿ

ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಪ್ಲಗ್ ತೆಗೆದು, ಪೆಟ್ಟಿಗೆಯನ್ನು ಬೋರ್ಡ್ ಮೇಲ್ಮುಖವಾಗಿ ಕಾಣುವಂತೆ ಮಲಗಿಸಬೇಕು. ಫ್ಲ್ಯಾಶ್ ಬೇಡ. ಬೋರ್ಡಿನ ಮೇಲಿನ ಬಿಳಿ ಅಕ್ಷರ ಫ್ಲ್ಯಾಶ್ ಬೆಳಕಿಗೆ ಮಿಂಚಿ ಅಳಿಸಿಹೋಗುತ್ತದೆ. ಪಕ್ಕದಿಂದ ಓರೆಯಾಗಿ ಟಾರ್ಚ್ ಹಿಡಿದರೆ ಅದೇ ಅಕ್ಷರ ಚೆನ್ನಾಗಿ ಎದ್ದು ಕಾಣುತ್ತದೆ.

ಒಂದೇ ಫೋಟೋ ಸಾಲದು. ಇಡೀ ಬೋರ್ಡ್ ನೇರವಾಗಿ ಕಾಣುವ ಒಂದು, ಕಾರ್ಡಿನ ಅಂಚು ಹತ್ತಿರದಿಂದ ಒಂದು, ಹಿಂಭಾಗದ ಪೋರ್ಟುಗಳದ್ದೊಂದು, ಪವರ್ ಸಪ್ಲೈ ಮೇಲಿನ ಲೇಬಲ್‌ನದ್ದೊಂದು ಬೇಕು. ಜನ ಕಳಿಸಲು ಮರೆಯುವುದು ಕೊನೆಯದನ್ನೇ. ಕಾರ್ಡಿನ ಪಕ್ಕ ಒಂದು ಅಡಿಪಟ್ಟಿ ಇಟ್ಟು ತೆಗೆಸಿದರೆ ಇನ್ನೂ ಒಳ್ಳೆಯದು. ಪಟ್ಟಿ ಇಲ್ಲದಿದ್ದರೆ ರ‍್ಯಾಮ್ ಕಡ್ಡಿಯನ್ನು ಅಳತೆಗೋಲಾಗಿ ಬಳಸಬಹುದು. ಡೆಸ್ಕ್‌ಟಾಪ್ ರ‍್ಯಾಮ್ ಸುಮಾರು 133 ಮಿಲಿಮೀಟರ್ ಉದ್ದ ಇರುತ್ತದೆ. ಆದರೆ ಓರೆಯಾಗಿ ತೆಗೆದ ಫೋಟೋದಲ್ಲಿ ಈ ಲೆಕ್ಕ ನಂಬಬೇಡಿ.

ಕಂಪ್ಯೂಟರ್ ಆನ್ ಆಗುತ್ತಿದ್ದರೆ ಬೋರ್ಡಿನ ಹೆಸರಿಗೆ ಫೋಟೋ ಬೇಕಾಗಿಯೇ ಇಲ್ಲ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಇದನ್ನು ಓಡಿಸಿದರೆ ಸಾಕು:

```
Get-CimInstance Win32_BaseBoard | Select-Object Manufacturer, Product, Version
```

ಲಿನಕ್ಸ್ ಆದರೆ:

```
cat /sys/class/dmi/id/board_name
lspci -nn
```

ಆಗಲೂ ವಿದ್ಯುತ್ ಮತ್ತು ಜಾಗದ ವಿಷಯ ಯಾವ ಕಮಾಂಡೂ ಹೇಳುವುದಿಲ್ಲ. ಅದಕ್ಕೆ ಫೋಟೋವೇ ಗತಿ.

ಬೋರ್ಡ್: ಅಚ್ಚಾದ ಹೆಸರನ್ನು ಕೊನೆಯ ಅಕ್ಷರದವರೆಗೆ ಓದಿ

ಮದರ್‌ಬೋರ್ಡ್ ಗುರುತಿಸಲು ಬಣ್ಣ, ಹೀಟ್‌ಸಿಂಕ್‌ನ ಆಕಾರ ನೋಡಿ ಊಹಿಸುವ ಅಗತ್ಯ ಇಲ್ಲ. ಬಿಡಿಯಾಗಿ ಮಾರುವ ಬೋರ್ಡುಗಳ ಮೇಲೆ ಹೆಸರು ಅಚ್ಚಾಗಿಯೇ ಇರುತ್ತದೆ. ಸಾಮಾನ್ಯವಾಗಿ ಸ್ಲಾಟುಗಳ ನಡುವೆ, ಇಲ್ಲವೇ ಪ್ರೊಸೆಸರ್ ಮತ್ತು ಮೊದಲ ಸ್ಲಾಟಿನ ಮಧ್ಯೆ. ಕಷ್ಟ ಏನೆಂದರೆ ಗ್ರಾಫಿಕ್ಸ್ ಕಾರ್ಡ್ ಅದೇ ಜಾಗದ ಮೇಲೆ ಕೂತಿರುತ್ತದೆ. ಹೆಸರಿನ ಅರ್ಧ ಮಾತ್ರ ಕಾಣುತ್ತದೆ.

ಆ ಅರ್ಧದಿಂದ ಎಷ್ಟು ತಿಳಿಯುತ್ತದೆ? H110M ಎಂದು ಕಂಡರೆ ಚಿಪ್‌ಸೆಟ್ ಗೊತ್ತಾಯಿತು, ಬೋರ್ಡ್ ಬಹುತೇಕ ಮೈಕ್ರೋ ಎಟಿಎಕ್ಸ್ ಅಳತೆಯದು ಎಂದೂ ಗೊತ್ತಾಯಿತು. ಗ್ರಾಫಿಕ್ಸ್ ಕಾರ್ಡ್ ಮಾತ್ರ ಬದಲಿಸುವುದಾದರೆ ಅಷ್ಟು ಸಾಕು. ಆದರೆ ರ‍್ಯಾಮ್ ಅಥವಾ ಪ್ರೊಸೆಸರ್ ಕೂಡ ಬದಲಿಸುವ ಯೋಚನೆ ಇದ್ದರೆ ಕೊನೆಯ ಅಕ್ಷರಗಳು ಬೇಕೇಬೇಕು. ಏಸಸ್‌ನ PRIME Z690-P ಮತ್ತು PRIME Z690-P D4 ನೋಡಿ. ಮೊದಲನೆಯದಕ್ಕೆ ಡಿಡಿಆರ್5 ರ‍್ಯಾಮ್, ಎರಡನೆಯದಕ್ಕೆ ಡಿಡಿಆರ್4. ಆ D4 ಕಾರ್ಡಿನ ನೆರಳಲ್ಲಿ ಅಡಗಿದ್ದರೆ ಕೊಂಡ ರ‍್ಯಾಮ್ ಸ್ಲಾಟಿಗೆ ಕೂರುವುದೇ ಇಲ್ಲ.

ಸಾಕೆಟ್ ನೋಡಿ ಪ್ರೊಸೆಸರ್ ಆರಿಸುವುದರಲ್ಲಿ ಇನ್ನೂ ದೊಡ್ಡ ಬಲೆ ಇದೆ. ಇಂಟೆಲ್‌ನ 1151 ಸಾಕೆಟ್ H110 ಬೋರ್ಡಿನಲ್ಲೂ ಇದೆ, H310 ಬೋರ್ಡಿನಲ್ಲೂ ಇದೆ. ನೋಡಲು ಒಂದೇ. ಆದರೆ ಮೊದಲನೆಯದು 6 ಮತ್ತು 7ನೇ ತಲೆಮಾರಿನ ಪ್ರೊಸೆಸರ್‌ಗೆ, ಎರಡನೆಯದು 8 ಮತ್ತು 9ನೇ ತಲೆಮಾರಿಗೆ. ಸಾಕೆಟ್‌ಗೆ ಕೂರುತ್ತದೆ, ಕಂಪ್ಯೂಟರ್ ಆನ್ ಆಗುವುದಿಲ್ಲ. ಫೋಟೋದಲ್ಲಿ ಸಾಕೆಟ್ ಹೇಗೂ ಕೂಲರಿನ ಕೆಳಗೆ ಮುಚ್ಚಿರುತ್ತದೆ. ನಾಲ್ಕು ಮೂಲೆಯಲ್ಲಿ ಒತ್ತುವ ಪಿನ್ನುಗಳ ದುಂಡನೆಯ ಕೂಲರ್ ಕಂಡರೆ ಇಂಟೆಲ್ ಎನ್ನಬಹುದು. ಎದುರುಬದುರು ಎರಡು ಪ್ಲಾಸ್ಟಿಕ್ ಪಟ್ಟಿಗೆ ಕೊಂಡಿ ಹಾಕಿದ್ದರೆ ಎಎಂಡಿ ಎನ್ನಬಹುದು. ಅದಕ್ಕಿಂತ ಮುಂದಕ್ಕೆ ಕೂಲರ್ ನೋಡಿ ಹೇಳಲು ಹೋಗಬಾರದು.

ಎಂಎಸ್‌ಐ ಬೋರ್ಡಿನಲ್ಲಿ ದೊಡ್ಡ ಹೆಸರು ಕಾಣದಿದ್ದರೂ MS-7C56 ತರಹದ ಒಂದು ಸಂಖ್ಯೆ ಕಾಣುತ್ತದೆ. ಹುಡುಕಲು ಅದು ತುಂಬಾ ಉಪಯೋಗಕ್ಕೆ ಬರುತ್ತದೆ. ಆದರೆ ಅದು ಬೋರ್ಡಿನ ಮೂಲ ವಿನ್ಯಾಸದ ಸಂಖ್ಯೆ. ಇದೇ MS-7C56 ಒಂದಕ್ಕಿಂತ ಹೆಚ್ಚು B550 ಮಾದರಿಗಳ ಮೇಲೆ ಇದೆ. ಗಿಗಾಬೈಟ್ ಬೋರ್ಡಿನಲ್ಲಿ ಮೂಲೆಯಲ್ಲಿರುವ REV ಸಂಖ್ಯೆಯನ್ನೂ ಬರೆದುಕೊಳ್ಳಿ. ಒಂದೇ ಹೆಸರಿನ ಬೋರ್ಡಿಗೆ ಎರಡು ಆವೃತ್ತಿ ಇದ್ದರೆ ಬಯಾಸ್ ಫೈಲ್ ಬೇರೆ ಬೇರೆ ಇರಬಹುದು.

ಕಾರ್ಡ್: ಫ್ಯಾನ್ ನೋಡಬೇಡಿ, ಅಂಚು ನೋಡಿ

ಗ್ರಾಫಿಕ್ಸ್ ಕಾರ್ಡಿನ ಹೊರಕವಚ ನೋಡಿ ಹೆಸರು ಹೇಳುವುದು ನನಗೆ ಒಪ್ಪಿಗೆಯಾಗದ ಅಭ್ಯಾಸ. ತಯಾರಕರು ಒಂದೇ ಕವಚವನ್ನು ಹಲವು ಕಾರ್ಡುಗಳಿಗೆ ಹಾಕುತ್ತಾರೆ. RX 570 ಮತ್ತು RX 580 ಎಷ್ಟೋ ಸಲ ಒಂದೇ ಬಟ್ಟೆ ತೊಟ್ಟ ಅವಳಿಗಳು. GTX 1060ರಲ್ಲಿ 3 ಜಿಬಿ, 6 ಜಿಬಿ ಎರಡೂ ಇವೆ. ಮೆಮೊರಿ ಒಂದೇ ಅಲ್ಲ, ಒಳಗಿನ ಕೋರ್‌ಗಳ ಸಂಖ್ಯೆಯೂ ಬೇರೆ: 1152 ಮತ್ತು 1280. ಹೊರಗಿನಿಂದ ಇದು ಯಾರಿಗೂ ಗೊತ್ತಾಗುವುದಿಲ್ಲ.

ಹೆಸರು ಬೇಕಿದ್ದರೆ ಸ್ಟಿಕ್ಕರ್ ನೋಡಿ. ಟವರ್ ಪೆಟ್ಟಿಗೆಯಲ್ಲಿ ಕಾರ್ಡಿನ ಫ್ಯಾನ್ ಕೆಳಕ್ಕೆ, ಬೆನ್ನು ಪ್ರೊಸೆಸರ್ ಕಡೆಗೆ ಇರುತ್ತದೆ. ಸ್ಟಿಕ್ಕರ್ ಹೆಚ್ಚಾಗಿ ಆ ಬೆನ್ನಿನ ಮೇಲೇ ಇರುತ್ತದೆ. ಆದ್ದರಿಂದ ಕಾರ್ಡ್ ಬಿಚ್ಚದೆ, ಕೂಲರಿನ ಪಕ್ಕದಿಂದ ಫೋನನ್ನು ಓರೆಯಾಗಿ ಹಿಡಿದು ತೆಗೆದರೆ ಸಿಕ್ಕಿಬಿಡುತ್ತದೆ. ಬಾರ್‌ಕೋಡ್ ಪಕ್ಕದ ಉದ್ದನೆಯ ಸಂಖ್ಯೆಯನ್ನು ಹಾಗೆಯೇ ಹುಡುಕಿದರೆ ಸಾಕು.

ಸ್ಟಿಕ್ಕರ್ ಇಲ್ಲದಿದ್ದಾಗ ಎರಡು ಸುಳಿವು ನಂಬಬಹುದು. ಮೊದಲನೆಯದು ಪವರ್ ಸಾಕೆಟ್. ಅದು ಕಾರ್ಡಿನ ಮೇಲಂಚಿನಲ್ಲಿ, ಪೋರ್ಟುಗಳಿಂದ ದೂರದ ತುದಿಯಲ್ಲಿರುತ್ತದೆ. ಸಾಕೆಟ್ಟೇ ಇಲ್ಲವೆಂದರೆ ಕಾರ್ಡ್ 75 ವಾಟ್ ಒಳಗಿನದು. ಗಮನಿಸಿ, ಕೇಬಲ್ ಇಲ್ಲ ಅನ್ನುವುದು ಬೇರೆ, ಸಾಕೆಟ್ ಇಲ್ಲ ಅನ್ನುವುದು ಬೇರೆ. ಸಾಕೆಟ್ ಖಾಲಿ ಬಿಟ್ಟು "ಡಿಸ್‌ಪ್ಲೇ ಬರ್ತಿಲ್ಲ" ಎಂದು ಹೊಸ ಕಾರ್ಡ್ ಹುಡುಕುವವರೂ ಇದ್ದಾರೆ.

ಎರಡನೆಯದು ಡಿವಿಐ ಪೋರ್ಟ್. ಅದರ ಚಪ್ಪಟೆ ಸೀಳಿನ ಸುತ್ತ ನಾಲ್ಕು ಸಣ್ಣ ತೂತು ಇದ್ದರೆ ಅದು ಅನಲಾಗ್ ಸಿಗ್ನಲ್ ಕೂಡ ಕೊಡುವ ಡಿವಿಐ-ಐ. ಎನ್‌ವಿಡಿಯಾ GTX 10 ಸರಣಿಯಿಂದ ಅನಲಾಗ್ ಬಿಟ್ಟಿತು. ಹಾಗಾಗಿ ಆ ನಾಲ್ಕು ತೂತು ಕಂಡರೆ ಎನ್‌ವಿಡಿಯಾ ಕಾರ್ಡ್ GTX 900 ಸರಣಿ ಅಥವಾ ಅದಕ್ಕಿಂತ ಹಳೆಯದು ಎನ್ನಬಹುದು. ಬಳಸಿದ ಕಾರ್ಡ್ ಕೊಳ್ಳುವಾಗ ಈ ಸುಳಿವಿನಿಂದ ದುಡ್ಡು ಉಳಿಯುತ್ತದೆ. GTX 1050 Ti ಎಂದು ಹೇಳಿ, ಹಿಂದೆ ನೀಲಿ ವಿಜಿಎ ಪೋರ್ಟ್ ಇರುವ ಫೋಟೋ ಹಾಕಿದ್ದರೆ ಅದನ್ನು ಬಿಟ್ಟುಬಿಡಿ. GTX 550 Ti ತರಹದ ತುಂಬಾ ಹಳೆಯ ಚಿಪ್‌ಗೆ ಬಯಾಸ್ ತಿದ್ದಿ ಹೊಸ ಹೆಸರು ಇಟ್ಟ ನಕಲಿ ಕಾರ್ಡುಗಳು ಹೀಗೇ ಇರುತ್ತವೆ. ಇಂಥ ಕಾರ್ಡ್ ವಿಂಡೋಸ್‌ನಲ್ಲೂ ಸುಳ್ಳು ಹೆಸರನ್ನೇ ತೋರಿಸುತ್ತದೆ. GPU-Z ಎಂಬ ಉಚಿತ ತಂತ್ರಾಂಶ ಇಂತಹ ಕಾರ್ಡುಗಳನ್ನು ಹಿಡಿದು, ಹೆಸರಿನ ಮುಂದೆ [FAKE] ಎಂದು ತೋರಿಸುತ್ತದೆ.

ಪವರ್ ಸಪ್ಲೈ

ಲೇಬಲ್‌ನಲ್ಲಿ ದೊಡ್ಡದಾಗಿ ಬರೆದ ವಾಟ್ ಸಂಖ್ಯೆಗಿಂತ +12V ಎಂಬ ಕಾಲಂ ಮುಖ್ಯ. ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್ ಎರಡೂ ತಮ್ಮ ಶಕ್ತಿಯನ್ನು ಬಹುಪಾಲು ಅಲ್ಲಿಂದಲೇ ತೆಗೆದುಕೊಳ್ಳುತ್ತವೆ. ಅಲ್ಲಿ 30A ಇದ್ದರೆ 12 ರಿಂದ ಗುಣಿಸಿ: 360 ವಾಟ್. ಮುಖದ ಮೇಲೆ 450 ಎಂದಿದ್ದು +12V ನಲ್ಲಿ 20A ಮಾತ್ರ ಇದ್ದರೆ ನಿಜವಾಗಿ ಕಾರ್ಡಿಗೆ ಮತ್ತು ಪ್ರೊಸೆಸರ್‌ಗೆ ಸಿಗುವುದು ಒಟ್ಟು 240 ವಾಟ್. ಅಂಥದ್ದರ ಮೇಲೆ ದೊಡ್ಡ ಕಾರ್ಡ್ ಹಾಕುವ ಧೈರ್ಯ ಮಾಡಬೇಡಿ.

ಆಮೇಲೆ ಕೇಬಲ್ ಹುಡುಕಿ. ಕಾರ್ಡಿಗೆ ಬೇಕಾದ 8 ಪಿನ್ ಕೇಬಲ್ ಸಾಮಾನ್ಯವಾಗಿ 6 ಮತ್ತು 2 ಆಗಿ ಬಿಡಿಸಿಕೊಳ್ಳುತ್ತದೆ. ಪ್ರೊಸೆಸರ್‌ನ 8 ಪಿನ್ 4 ಮತ್ತು 4 ಆಗಿ ಬಿಡಿಸಿಕೊಳ್ಳುತ್ತದೆ. ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಆದರೆ 12 ವೋಲ್ಟ್ ಮತ್ತು ಗ್ರೌಂಡ್ ಇರುವ ಬದಿ ಉಲ್ಟಾ. ಪಿನ್ನಿನ ಆಕಾರ ಬೇರೆ ಇರುವುದರಿಂದ ಸುಮ್ನೆ ಕೂರುವುದಿಲ್ಲ. ಒತ್ತಿ ಕೂರಿಸಿದರೆ ಶಾರ್ಟ್ ಆಗುತ್ತದೆ.

6+2 ಇಲ್ಲದಿದ್ದರೆ ಸಾಟಾ ಕೇಬಲ್‌ನಿಂದ 6 ಪಿನ್ ಮಾಡುವ ಅಡಾಪ್ಟರ್ ಸಿಗುತ್ತದೆ. ಅದನ್ನು ತೆಗೆದುಕೊಳ್ಳಬೇಡಿ. ಸಾಟಾ ಕನೆಕ್ಟರ್‌ನ 12 ವೋಲ್ಟ್ ಪಿನ್ನುಗಳು ತಡೆಯುವುದು 54 ವಾಟ್. 6 ಪಿನ್ ಸಾಕೆಟ್ ಕೇಳಬಹುದಾದದ್ದು 75. ಮಿತಿ ಮೀರಿದರೆ ಪಿನ್ನುಗಳು ಕಾದು ಪ್ಲಾಸ್ಟಿಕ್ ಕರಗಬಹುದು.

ಒಂದು ಫೋಟೋ ಹಿಡಿದು ನೋಡೋಣ

ಹೀಗೊಂದು ಫೋಟೋ ಬಂತು ಎಂದುಕೊಳ್ಳಿ. ಸಾಧಾರಣ ಟವರ್. ಬೋರ್ಡಿನಲ್ಲಿ ಎರಡು ರ‍್ಯಾಮ್ ಸ್ಲಾಟ್, ಒಂದು ಉದ್ದನೆಯ ಸ್ಲಾಟ್, ಕಾರ್ಡಿನ ಅಂಚಿನಲ್ಲಿ H110M ವರೆಗಿನ ಅಕ್ಷರ. ನಾಲ್ಕು ಪಿನ್ನಿನ ದುಂಡನೆಯ ಕೂಲರ್. ಗಿಡ್ಡನೆಯ, ಒಂದೇ ಫ್ಯಾನಿನ ಕಾರ್ಡ್, ಅಂಚಿನಲ್ಲಿ ಪವರ್ ಸಾಕೆಟ್ ಇಲ್ಲ. ಹಿಂದೆ ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಮತ್ತು ನಾಲ್ಕು ತೂತು ಇಲ್ಲದ ಡಿವಿಐ. ಪವರ್ ಸಪ್ಲೈ ಲೇಬಲ್‌ನಲ್ಲಿ 450 ವಾಟ್, +12V ಪಕ್ಕ 32A. ವೈರುಗಳ ಗಂಟಿನಲ್ಲಿ ಒಂದು 6+2 ಕನೆಕ್ಟರ್ ಬಳಸದೆ ನೇತಾಡುತ್ತಿದೆ.

ಕಾರ್ಡ್ GTX 1050 Ti ಇರಬಹುದು, GTX 1650 ಕೂಡ ಇರಬಹುದು. ಎರಡಕ್ಕೂ 75 ವಾಟ್, ಎಷ್ಟೋ ಮಾದರಿಗಳಲ್ಲಿ ಇದೇ ಮೂರು ಪೋರ್ಟ್. ಫೋಟೋದಿಂದ ಇವನ್ನು ಬಿಡಿಸಿ ಹೇಳಲಾಗದು. ಸದ್ಯಕ್ಕೆ ಬೇಕಾಗಿಯೂ ಇಲ್ಲ, ಏಕೆಂದರೆ ಬೋರ್ಡ್ ಮತ್ತು ಪವರ್ ಸಪ್ಲೈ ಹೇಳುವುದು ಎರಡೂ ಸಂದರ್ಭಕ್ಕೆ ಒಂದೇ.

H110 ಎಂದರೆ 6 ಅಥವಾ 7ನೇ ತಲೆಮಾರಿನ ಇಂಟೆಲ್, ಸ್ಲಾಟ್ ಪಿಸಿಐ ಎಕ್ಸ್‌ಪ್ರೆಸ್ 3.0. ಹೊಸ ಕಾರ್ಡ್ 4.0 ಆದರೂ ಇದರಲ್ಲಿ ಕೆಲಸ ಮಾಡುತ್ತದೆ. ಆದರೆ ಕಾರ್ಡ್ ಎಷ್ಟು ಲೇನ್, ಅಂದರೆ ಸ್ಲಾಟಿನಲ್ಲಿ ಡೇಟಾ ಹರಿಯುವ ದಾರಿ, ಬಳಸುತ್ತದೆ ಅನ್ನುವುದು ಇಲ್ಲಿ ಮುಖ್ಯವಾಗುತ್ತದೆ. RX 6400 ಕೂರುವುದು ಉದ್ದನೆಯ ಸ್ಲಾಟಿನಲ್ಲೇ, ಬಳಸುವುದು ನಾಲ್ಕೇ ಲೇನ್. 4.0 ಬೋರ್ಡಿನಲ್ಲಿ ಅದು ಹೇಗೋ ನಡೆಯುತ್ತದೆ. 3.0 ನಲ್ಲಿ ಅದರ ದಾರಿ ಅರ್ಧ ಕಿರಿದಾಗುತ್ತದೆ, ಆಟಗಳಲ್ಲಿ ವೇಗ ಕಣ್ಣಿಗೆ ಕಾಣುವಷ್ಟು ಬೀಳುತ್ತದೆ. ಅದರಲ್ಲಿ ವಿಡಿಯೋ ಎನ್‌ಕೋಡರ್ ಕೂಡ ಇಲ್ಲ. ಆಟ ಆಡುತ್ತಾ ರೆಕಾರ್ಡ್ ಮಾಡಬೇಕೆಂದರೆ ಹೊರೆಯೆಲ್ಲ ಪ್ರೊಸೆಸರ್ ಮೇಲೆ. 53 ವಾಟ್ ಸಾಕು ಎನ್ನುವುದೊಂದೇ ನೋಡಿ ಇದನ್ನು ಈ ಪೆಟ್ಟಿಗೆಗೆ ತರಬಾರದು.

ಇಂಟೆಲ್ ಆರ್ಕ್ ಕಾರ್ಡುಗಳನ್ನೂ ಇಲ್ಲಿ ಬದಿಗಿಡುತ್ತೇನೆ. ಅವಕ್ಕೆ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಬೇಕು. ಇಂಟೆಲ್ ಹೇಳುವ ಪ್ರಕಾರ ಅದಕ್ಕೆ 10ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು.

ಕೇಬಲ್ ಬೇಡದ ದಾರಿಯಲ್ಲಿ ಉಳಿಯುವ ಒಳ್ಳೆಯ ಆಯ್ಕೆ RTX 3050ರ 6 ಜಿಬಿ ಮಾದರಿ. 70 ವಾಟ್, ಎಂಟು ಲೇನ್. 2024ರಲ್ಲಿ ಬಂದದ್ದು. ಇಲ್ಲಿ ಹೆಸರಿನ ಬಗ್ಗೆ ಎಚ್ಚರ ಇರಲಿ. ಅದೇ RTX 3050 ಹೆಸರಿನ 8 ಜಿಬಿ ಕಾರ್ಡ್ ಬೇರೆಯೇ: ಅದಕ್ಕೆ 130 ವಾಟ್ ಬೇಕು, ಪವರ್ ಕೇಬಲ್ ಬೇಕು, ಕೋರ್‌ಗಳೂ ಜಾಸ್ತಿ. 6 ಜಿಬಿಯಲ್ಲೂ ಕೆಲವು ತಯಾರಕರು ಪವರ್ ಸಾಕೆಟ್ ಸೇರಿಸಿರಬಹುದು. ಕೊಳ್ಳುವ ಮಾದರಿಯ ಅಂಚಿನ ಫೋಟೋ ನೋಡದೆ ಆರ್ಡರ್ ಮಾಡಬೇಡಿ. ಹಳೆಯದು 1050 Ti ಆಗಿದ್ದರೆ ಇದು ದೊಡ್ಡ ಹೆಜ್ಜೆ. 1650 ಆಗಿದ್ದರೆ ಹೆಜ್ಜೆ ಚಿಕ್ಕದು. ಈಗ ಸ್ಟಿಕ್ಕರ್ ಫೋಟೋ ಕೇಳುವುದಕ್ಕೆ ಅರ್ಥ ಬರುತ್ತದೆ.

ಕೇಬಲ್ ಇರುವ ದಾರಿಯಲ್ಲಿ RX 6600 ಮತ್ತು RTX 4060 ಎರಡನ್ನು ನೋಡಬಹುದು. ಮೊದಲನೆಯದಕ್ಕೆ 132 ವಾಟ್, ಎರಡನೆಯದಕ್ಕೆ 115. ಎರಡೂ ಎಂಟು ಲೇನ್, ಎರಡಕ್ಕೂ 8 ಜಿಬಿ ಮೆಮೊರಿ. ಲೇಬಲ್ ಪ್ರಕಾರ +12V ನಲ್ಲಿ 384 ವಾಟ್ ಇದೆ. 65 ವಾಟ್ ಪ್ರೊಸೆಸರ್, 132 ವಾಟ್ ಕಾರ್ಡ್, ಡಿಸ್ಕ್, ಫ್ಯಾನ್ ಎಲ್ಲ ಸೇರಿದರೂ 250 ದಾಟುವುದು ಕಷ್ಟ. RX 6600ಗೆ ಎಎಂಡಿ ಹೇಳುವ ಕನಿಷ್ಠ ಪವರ್ ಸಪ್ಲೈ ಕೂಡ 450 ವಾಟ್. ನೇತಾಡುತ್ತಿರುವ 6+2 ಕೇಬಲ್ ಒಂದೇ ಸಾಕು. ಹಾಗಾಗಿ ಈ ಪೆಟ್ಟಿಗೆಗೆ ನನ್ನ ಆಯ್ಕೆ RX 6600. ಪವರ್ ಸಪ್ಲೈ ತುಂಬಾ ಹಳೆಯದಾಗಿದ್ದರೆ ಅಥವಾ ಲೇಬಲ್ ಓದಲು ಬರದಿದ್ದರೆ 3050 6 ಜಿಬಿಗೆ ಇಳಿಯುತ್ತೇನೆ.

RTX 4060 ಯಾಕೆ ಬೇಡ? ಕಾರ್ಡ್ ಒಳ್ಳೆಯದೇ. ಆದರೆ ಪ್ರೊಸೆಸರ್ ಇಲ್ಲಿ ತಡೆ ಒಡ್ಡುತ್ತದೆ. ಈ ಬೋರ್ಡಿನಲ್ಲಿರುವುದು i5-6500 ಆದರೆ ನಾಲ್ಕು ಕೋರ್, ನಾಲ್ಕು ಥ್ರೆಡ್. ಹೊಸ ಆಟಗಳಲ್ಲಿ ಪ್ರೊಸೆಸರ್ 100 ಪ್ರತಿಶತಕ್ಕೆ ಏರಿ, ಕಾರ್ಡ್ ಅರ್ಧ ಕೆಲಸ ಮಾಡುತ್ತಾ ಕಾಯುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ಆಟ ಆಡಿದರೆ ಇದು ಕಾಣುತ್ತದೆ. ಈಗಿನ ಕಾರ್ಡಿನಲ್ಲೇ ಹಾಗೆ ಆಗುತ್ತಿದ್ದರೆ ಕಾರ್ಡ್ ಬದಲಿಸಿ ಪ್ರಯೋಜನ ಕಡಿಮೆ. ಬಯಾಸ್ ಹೊಸದು ಮಾಡಿ i7-7700 ಹಾಕಿದರೆ ಎಂಟು ಥ್ರೆಡ್ ಸಿಗುತ್ತದೆ. ಈ ಬೋರ್ಡಿನಲ್ಲಿ ಅದಕ್ಕಿಂತ ಮೇಲಕ್ಕೆ ಹೆಚ್ಚು ದಾರಿಯಿಲ್ಲ.

ಜಾಗ ಇನ್ನೂ ನೋಡಿಲ್ಲ ಅಲ್ವಾ? ಎರಡು ಫ್ಯಾನಿನ ಕಾರ್ಡ್ ಉದ್ದವಾಗಿರುತ್ತದೆ. ಹಿಂದಿನ ಗೋಡೆಯಿಂದ ಮುಂದಿನ ಡಿಸ್ಕ್ ಪಂಜರದವರೆಗೆ ಪಟ್ಟಿ ಹಿಡಿದು ಅಳೆಯಲು ಹೇಳಿ. ಕಾರ್ಡಿನ ಉದ್ದ ತಯಾರಕರ ಪುಟದಲ್ಲಿ ಮಿಲಿಮೀಟರ್‌ನಲ್ಲಿ ಇರುತ್ತದೆ. ಬೋರ್ಡಿನ ಅಂಚಿನಲ್ಲಿರುವ ಸಾಟಾ ಕೇಬಲ್‌ಗಳು ಕಾರ್ಡಿನ ಕೆಳಗೆ ಸಿಕ್ಕಿಕೊಳ್ಳುತ್ತವೆಯೇ ಎಂದೂ ನೋಡಿ. ಸಣ್ಣ ಬೋರ್ಡುಗಳಲ್ಲಿ ಇದು ಆಗಾಗ ಆಗುತ್ತದೆ.

ಕಂಪನಿ ಜೋಡಿಸಿದ ಪೆಟ್ಟಿಗೆಯಾದರೆ ಲೆಕ್ಕ ಬೇರೆ

ಮೇಲಿನ ಲೆಕ್ಕವೆಲ್ಲ ಬಿಡಿ ಭಾಗಗಳಿಂದ ಜೋಡಿಸಿದ ಟವರ್‌ಗೆ. ಡೆಲ್, ಎಚ್‌ಪಿ, ಲೆನೊವೊ ಕಚೇರಿ ಕಂಪ್ಯೂಟರ್‌ಗಳನ್ನು ಫೋಟೋದಲ್ಲಿ ಬೇಗ ಗುರುತಿಸಬಹುದು. ರ‍್ಯಾಮ್ ಪಕ್ಕದಲ್ಲಿ ಇರಬೇಕಾದ 24 ಪಿನ್ನಿನ ಅಗಲವಾದ ಪವರ್ ಪ್ಲಗ್ ಹೆಚ್ಚಾಗಿ ಅಲ್ಲಿ ಇರುವುದಿಲ್ಲ. ಡೆಲ್‌ನ ಆಪ್ಟಿಪ್ಲೆಕ್ಸ್ 9020ರಲ್ಲಿ ಅದರ ಜಾಗದಲ್ಲಿ 8 ಪಿನ್ನಿನ ಸಣ್ಣ ಪ್ಲಗ್ ಇದೆ. ಅಂದರೆ ಸಾಮಾನ್ಯ ಪವರ್ ಸಪ್ಲೈ ತಂದು ನೇರವಾಗಿ ಬದಲಿಸಲಾಗದು. ಅದರ ಟವರ್‌ನಲ್ಲಿ ಇರುವುದು 290 ವಾಟ್, ಚಿಕ್ಕ ಪೆಟ್ಟಿಗೆಯಲ್ಲಿ 255. ಇಂಥಲ್ಲಿ ಕೇಬಲ್ ಬೇಡದ ಕಾರ್ಡೇ ಸರಿಯಾದ ಆಯ್ಕೆ.

ಈ ಬೋರ್ಡುಗಳ ಮೇಲೆ ಮಾರುಕಟ್ಟೆಯ ಹೆಸರೂ ಇರುವುದಿಲ್ಲ. ಡೆಲ್ ಆದರೆ CN-0 ಎಂದು ಶುರುವಾಗುವ ಲೇಬಲ್ ಹುಡುಕಿ, ಅದರ ನಂತರದ ಐದು ಅಕ್ಷರ ಭಾಗದ ಸಂಖ್ಯೆ. ಇನ್ನೂ ಸುಲಭ ಬೇಕೆಂದರೆ ಪೆಟ್ಟಿಗೆಯ ಹೊರಗಿನ ಏಳು ಅಕ್ಷರದ ಸರ್ವಿಸ್ ಟ್ಯಾಗ್. ಅದನ್ನು ಡೆಲ್ ಪುಟದಲ್ಲಿ ಹಾಕಿದರೆ ಕಾರ್ಖಾನೆಯಿಂದ ಬಂದಾಗ ಒಳಗೆ ಏನಿತ್ತು ಎಂಬ ಪಟ್ಟಿ ಬರುತ್ತದೆ.

ಚಿಕ್ಕ ಪೆಟ್ಟಿಗೆಯಾದರೆ ಅರ್ಧ ಎತ್ತರದ ಕಾರ್ಡ್ ಮಾತ್ರ ಹಿಡಿಸುತ್ತದೆ. RTX 3050 6 ಜಿಬಿಯಲ್ಲಿ ಅಂತಹ ಮಾದರಿ ಇವೆ, ಆದರೆ ಅವುಗಳಲ್ಲಿ ಹೆಚ್ಚಿನವು ಎರಡು ಸ್ಲಾಟ್ ದಪ್ಪ. ಕೆಲವು ಪೆಟ್ಟಿಗೆಗಳಲ್ಲಿ ಉದ್ದನೆಯ ಸ್ಲಾಟ್ ಪವರ್ ಸಪ್ಲೈಗೆ ಅಂಟಿಕೊಂಡೇ ಇರುತ್ತದೆ, ಎರಡನೇ ಸ್ಲಾಟಿನ ಜಾಗವೇ ಇರುವುದಿಲ್ಲ. ಫೋಟೋದಲ್ಲಿ ಸ್ಲಾಟಿನ ಯಾವ ಬದಿಗೆ ಖಾಲಿ ಇದೆ ಎಂದು ನೋಡಿ. ಕಾರ್ಡಿನ ಫ್ಯಾನ್ ಇರುವ ಬದಿಗೆ ಖಾಲಿ ಇಲ್ಲದಿದ್ದರೆ, ಮೇಲೆ ನಾನು ಬೇಡವೆಂದ RX 6400 ಇಲ್ಲಿ ಬೇಕಾಗುತ್ತದೆ. ಒಂದೇ ಸ್ಲಾಟ್ ದಪ್ಪದ, ಅರ್ಧ ಎತ್ತರದ ಮಾದರಿ ಅದರಲ್ಲಿ ಸಿಗುತ್ತದೆ. 3.0 ಬೋರ್ಡಿನಲ್ಲಿ ಅದು ಕಳೆದುಕೊಳ್ಳುವ ವೇಗವನ್ನು ಒಪ್ಪಿಕೊಂಡೇ ಕೊಳ್ಳಬೇಕು. ಅರ್ಧ ಎತ್ತರದ ಲೋಹದ ಬ್ರಾಕೆಟ್ ಪೊಟ್ಟಣದಲ್ಲೇ ಇದೆಯೇ ಎಂದು ಕೊಳ್ಳುವ ಮೊದಲು ಕೇಳಿ. ಬಳಸಿದ ಕಾರ್ಡುಗಳ ಜೊತೆ ಅದು ಬಹಳ ಸಲ ಇರುವುದಿಲ್ಲ, ಅದಿಲ್ಲದೆ ಕಾರ್ಡನ್ನು ಸ್ಕ್ರೂ ಹಾಕಿ ನಿಲ್ಲಿಸಲು ಬರುವುದಿಲ್ಲ.